ಅರವತ್ತನಾಲ್ಕು ಸ್ಲೈಡು, ಒಂದು ಹಾಳೆ: ಮೂರು ದಾರಿ ಹಿಡಿದು ನೋಡಿದ್ದು

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ರಾಷ್ಟ್ರೀಯ ಆದಾಯದ ಪಾಠದ ಸ್ಲೈಡುಗಳು ಮೊಬೈಲಿಗೆ ಬಂದವು. ಎಣಿಸಿದರೆ 64. ನಮ್ಮ ತರಗತಿಯಲ್ಲಿ ಸ್ಲೈಡು ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ನನ್ನ ಟಿಪ್ಪಣಿ ಕನ್ನಡದಲ್ಲಿ. ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೆ ಇದು ಹೊಸತೇನಲ್ಲ. ನನಗೆ ಬೇಕಾಗಿದ್ದದ್ದು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಿಡಿದು ಓದಬಹುದಾದ ಒಂದು ಎ4 ಹಾಳೆ, ಅದೂ ಒಂದೇ ಬದಿ. ಎರಡು ಅಂಕದ ಪ್ರಶ್ನೆಗಳೆಲ್ಲ ವ್ಯಾಖ್ಯೆಗಳ ಮೇಲೆಯೇ ಬರುವುದರಿಂದ ಒಂದು ವ್ಯಾಖ್ಯೆಯೂ ಬಿಟ್ಟುಹೋಗಬಾರದು ಎಂಬುದು ಷರತ್ತು.

ಮೂರು ದಿನ ಮೂರು ವಿಧಾನ ಹಿಡಿದು ನೋಡಿದೆ. ಮೊದಲನೆಯದು ಕತ್ತರಿಸುವುದು, ಎರಡನೆಯದು ಸ್ಲೈಡು ಮುಚ್ಚಿಟ್ಟು ನೆನಪಿನಿಂದ ಬರೆಯುವುದು, ಮೂರನೆಯದು ಮೊದಲು ಪದಗಳ ಪಟ್ಟಿ ಮಾಡಿಕೊಂಡು ಹಾಳೆ ಕಟ್ಟುವುದು.

ಕತ್ತರಿಸುವ ವಿಧಾನವನ್ನು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಪುಟಕ್ಕೆ ಒಂಬತ್ತು ಸ್ಲೈಡಿನಂತೆ ಮುದ್ರಿಸಿದರೆ ಎಂಟು ಪುಟ. ಶೀರ್ಷಿಕೆ, ಚಿತ್ರ, ಪದೇಪದೇ ಬರುವ ಪಾಠದ ರೂಪರೇಖೆ ಎಲ್ಲವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿ, ಉಳಿದದ್ದನ್ನು ಟೈಪು ಮಾಡಿ ಅಕ್ಷರವನ್ನು ಚಿಕ್ಕದು ಮಾಡುತ್ತ ಹೋದೆ. ಏಳು ಪಾಯಿಂಟಿಗೆ ಇಳಿದಾಗ ಒಂದು ಪುಟಕ್ಕೆ ಬಂತು. ಹೆಚ್ಚುಕಡಿಮೆ ಎಲ್ಲ ವ್ಯಾಖ್ಯೆಗಳೂ ಅದರಲ್ಲಿದ್ದವು. ಆದರೆ ಬಸ್ಸಿನಲ್ಲಿ ಹಿಡಿದರೆ ಕಾಣುವುದು ಅಕ್ಷರವಲ್ಲ, ಇರುವೆಯ ಸಾಲು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಸ್ಲೈಡಿನ ಕ್ರಮವೇ ಹಾಳೆಯ ಕ್ರಮವಾಗಿ ಉಳಿಯಿತು. ಸವಕಳಿ ಒಂದು ಮೂಲೆಯಲ್ಲಿ, ಅದನ್ನು ಕಳೆದು ಸಿಗುವ ನಿವ್ವಳ ಉತ್ಪನ್ನ ಇನ್ನೊಂದು ಮೂಲೆಯಲ್ಲಿ. ಈ ವಿಧಾನಕ್ಕೆ ಇಷ್ಟು ಮಾತು ಸಾಕು.

ಎರಡನೆಯದು ನನಗೆ ಇಷ್ಟವಾದದ್ದು, ಮೋಸ ಮಾಡಿದ್ದೂ ಅದೇ. ಸ್ಲೈಡುಗಳನ್ನು ಒಂದು ಸಲ ನಿಧಾನವಾಗಿ ಓದಿ, ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ನೆನಪಾದದ್ದನ್ನು ಬರೆಯಬೇಕು; ಆಮೇಲೆ ತೆರೆದು ಹೋಲಿಸಬೇಕು. ನನಗೇನು ಗೊತ್ತಿಲ್ಲ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ದಾರಿ ಬೇರೆ ಇಲ್ಲ. ಹಾಳೆಯೂ ಓದಲು ಚೆನ್ನಾಗಿತ್ತು, ನನ್ನದೇ ಮಾತು, ಸಾಕಷ್ಟು ಜಾಗ. ಲೆಕ್ಕ ಹಾಕಿದಾಗ ಇದ್ದದ್ದು 22 ವ್ಯಾಖ್ಯೆ. ಪಾಠದಲ್ಲಿದ್ದದ್ದು 31 ಎಂದು ಆಮೇಲೆ ಗೊತ್ತಾಯಿತು.

ಒಂಬತ್ತು ಬಿಟ್ಟುಹೋದದ್ದಕ್ಕೆ ನಾನು ಹೆದರಲಿಲ್ಲ, ಬಿಟ್ಟುಹೋದದ್ದನ್ನು ಸೇರಿಸಬಹುದು. ಹೆದರಿಸಿದ್ದು ಬರೆದ 22ರ ಒಳಗೇ ಇದ್ದ ತಪ್ಪು. ಹಾಳೆಯನ್ನು ನೋಡಿದ ಗೆಳತಿ ಕೇಳಿದಳು: "ನಿನ್ನ ಅಣ್ಣ ದುಬೈಯಿಂದ ಮನೆಗೆ ಕಳುಹಿಸುವ ಹಣ ಇದರಲ್ಲಿ ಎಲ್ಲಿ ಬರುತ್ತದೆ?" ನಾನು ಯೋಚಿಸದೆ ಒಟ್ಟು ರಾಷ್ಟ್ರೀಯ ಉತ್ಪನ್ನದ ಮೇಲೆ ಬೆರಳಿಟ್ಟೆ. ನನ್ನ ಹಾಳೆಯಲ್ಲಿ ಇದ್ದದ್ದು ಹೀಗೆ: "ಭಾರತೀಯರು ದೇಶದೊಳಗೂ ಹೊರಗೂ ಉತ್ಪಾದಿಸಿದ್ದರ ಮೌಲ್ಯ." ಅಣ್ಣ ಭಾರತೀಯ, ದುಡಿಯುವುದು ಹೊರಗೆ, ಸರಿಯಾಯಿತಲ್ಲ?

ಸರಿಯಾಗಲಿಲ್ಲ. ಸ್ಲೈಡಿನಲ್ಲಿ ಇದ್ದ ಪದ "ಭಾರತೀಯರು" ಅಲ್ಲ, "ಸಾಮಾನ್ಯ ನಿವಾಸಿಗಳು". ರಾಷ್ಟ್ರೀಯ ಲೆಕ್ಕದಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಮುಖ್ಯವಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಎಲ್ಲಿ ನೆಲೆಸಿ ಆರ್ಥಿಕ ವ್ಯವಹಾರ ನಡೆಸುತ್ತಾನೋ ಅವನು ಅಲ್ಲಿನ ನಿವಾಸಿ. ಅಣ್ಣ ಹೋಗಿ ಆರು ವರ್ಷವಾಯಿತು. ಆದ್ದರಿಂದ ಅವನ ಸಂಬಳ ಆ ದೇಶದ ಉತ್ಪನ್ನದಲ್ಲಿ ಸೇರುತ್ತದೆ. ಅಮ್ಮನ ಖಾತೆಗೆ ಬರುವ ಹಣ ವರ್ಗಾವಣೆ. ಅದು ನಮ್ಮ ದೇಶೀಯ ಉತ್ಪನ್ನದಲ್ಲೂ ಇಲ್ಲ, ರಾಷ್ಟ್ರೀಯ ಉತ್ಪನ್ನದಲ್ಲೂ ಇಲ್ಲ. ರಾಷ್ಟ್ರೀಯ ವಿನಿಯೋಗಾರ್ಹ ಆದಾಯಕ್ಕೆ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಅದೇ ಪಕ್ಕದ ಮನೆಯ ಹುಡುಗ ಆರು ತಿಂಗಳ ಗುತ್ತಿಗೆಯ ಮೇಲೆ ಹೋಗಿ ಬಂದ. ಅವನು ನಮ್ಮ ನಿವಾಸಿಯಾಗಿಯೇ ಉಳಿದ ಕಾರಣ ಅವನ ಕೂಲಿ ವಿದೇಶದಿಂದ ಬಂದ ಉತ್ಪಾದನಾಂಗ ಆದಾಯ, ರಾಷ್ಟ್ರೀಯ ಉತ್ಪನ್ನಕ್ಕೆ ಸೇರುತ್ತದೆ. ಗಲ್ಫಿಗೆ ಒಬ್ಬರಾದರೂ ಹೋಗಿರುವ ಮನೆಗಳ ಊರಿನಲ್ಲಿ ಕುಳಿತು ಈ ಪದವನ್ನು ನಾನು ಬಿಟ್ಟದ್ದಕ್ಕೆ ಗೆಳತಿ ಎರಡು ದಿನ ನಕ್ಕಳು.

ನೆನಪು ವಾಕ್ಯದ ಬೆನ್ನೆಲುಬನ್ನು ಉಳಿಸಿಕೊಂಡು, ಮಿತಿ ಹಾಕುವ ಪದವನ್ನು ಉದುರಿಸುತ್ತದೆ. ಸಾಲು ಓದಲು ಪೂರ್ತಿಯಾಗಿಯೇ ಇರುವುದರಿಂದ ಅದು ಕಣ್ಣಿಗೆ ಬೀಳುವುದೂ ಇಲ್ಲ.

ಮೂರನೆಯ ದಿನ ಹಾಳೆ ಮುಟ್ಟಲೇ ಇಲ್ಲ. ಹಳೆಯ ನೋಟುಪುಸ್ತಕದಲ್ಲಿ ಎರಡು ಕಂಬ ಎಳೆದು, ಒಂದರಲ್ಲಿ ಪದ, ಇನ್ನೊಂದರಲ್ಲಿ ಸ್ಲೈಡಿನ ಸಂಖ್ಯೆ ಬರೆದೆ, ವ್ಯಾಖ್ಯೆ ಬರೆಯಲಿಲ್ಲ. ಕಡತದಲ್ಲಿ `refers to`, `is called`, `means` ಎಂದು ಹುಡುಕಿದರೆ ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ವ್ಯಾಖ್ಯೆಗಳು ಅಡಗಿಕೊಳ್ಳುವ ಜಾಗ ಬೇರೆ. ಶೀರ್ಷಿಕೆಯಡಿ ನೇರವಾಗಿ ಇದ್ದದ್ದು 19. ಬೇರೆ ವಿಷಯದ ಅಂಶಗಳ ನಡುವೆ ಅರ್ಧ ವಾಕ್ಯವಾಗಿ ತೂರಿಕೊಂಡದ್ದು 7. ಚಿತ್ರದೊಳಗಿನ ಅಕ್ಷರವಾಗಿದ್ದದ್ದು 3; ಇವು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಉಳಿದ 2 ಸ್ಲೈಡಿನ ಮೇಲೆಯೇ ಇರಲಿಲ್ಲ, ಕೆಳಗೆ ಉಪನ್ಯಾಸಕರು ತಮಗಾಗಿ ಬರೆದುಕೊಂಡ ಟಿಪ್ಪಣಿಯಲ್ಲಿದ್ದವು. ಸಾಮಾನ್ಯ ನಿವಾಸಿಯ ವ್ಯಾಖ್ಯೆ ಅಲ್ಲೇ ಇತ್ತು! ನನ್ನ ಬಳಿ ಮೂಲ ಕಡತ ಇದ್ದುದರಿಂದ ಸಿಕ್ಕಿತು. ಪಿಡಿಎಫ್ ಮಾತ್ರ ಪಡೆದವರಿಗೆ ಆ ಟಿಪ್ಪಣಿ ಬಂದಿರಲೇ ಇಲ್ಲ.

ಇಷ್ಟಾದ ಮೇಲೆ 31 ವ್ಯಾಖ್ಯೆಗಳನ್ನು ಒಂದೊಂದಾಗಿ ಬರೆದರೆ 71 ಸಾಲಾಯಿತು. ಓದಲು ಬರುವಷ್ಟು ದೊಡ್ಡ ಕೈಬರಹದಲ್ಲಿ ನನ್ನ ಹಾಳೆ ಹಿಡಿಯುವುದು 46 ಸಾಲು. ಇಲ್ಲಿ ಪದ ಕತ್ತರಿಸಲು ಹೊರಟರೆ ಮತ್ತೆ ಅದೇ ಗುಂಡಿಗೆ ಬೀಳುತ್ತೇನೆ. ಹಾಗಾಗಿ ವ್ಯಾಖ್ಯೆಗಳನ್ನು ಚಿಕ್ಕದು ಮಾಡುವ ಬದಲು, ಯಾವ ವ್ಯಾಖ್ಯೆ ಯಾವುದರಿಂದ ಹುಟ್ಟುತ್ತದೆ ಎಂದು ನೋಡಿದೆ.

ಈ ಪಾಠದಲ್ಲಿ ಎಂಟು ಉತ್ಪನ್ನಗಳಿವೆ: ಒಟ್ಟು ಅಥವಾ ನಿವ್ವಳ, ದೇಶೀಯ ಅಥವಾ ರಾಷ್ಟ್ರೀಯ, ಮಾರುಕಟ್ಟೆ ಬೆಲೆಯಲ್ಲಿ ಅಥವಾ ಉತ್ಪಾದನಾಂಗ ವೆಚ್ಚದಲ್ಲಿ. ಸ್ಲೈಡುಗಳು ಎಂಟಕ್ಕೂ ಎಂಟು ವಾಕ್ಯ ಕೊಡುತ್ತವೆ. ನಿಜಕ್ಕೂ ಇರುವುದು ಒಂದು ವ್ಯಾಖ್ಯೆ, ಮೂರು ಸ್ವಿಚ್ಚು. ಮೂಲ ವಾಕ್ಯವನ್ನು ಒಂದು ಪದವೂ ಬಿಡದೆ ಬರೆದೆ: "ಒಂದು ವರ್ಷದಲ್ಲಿ, ದೇಶದ ಆರ್ಥಿಕ ಗಡಿಯೊಳಗೆ, ಉತ್ಪಾದನೆಯಾದ ಅಂತಿಮ ಸರಕು ಮತ್ತು ಸೇವೆಗಳ ಮಾರುಕಟ್ಟೆ ಮೌಲ್ಯ." ಇದು ಜಿಡಿಪಿ. ಅದರ ಕೆಳಗೆ ಮೂರು ಸ್ವಿಚ್ಚು: ಒಟ್ಟಿನಿಂದ ನಿವ್ವಳಕ್ಕೆ ಹೋಗಲು ಸವಕಳಿ ಕಳೆಯಬೇಕು, ದೇಶೀಯದಿಂದ ರಾಷ್ಟ್ರೀಯಕ್ಕೆ ಹೋಗಲು ವಿದೇಶದಿಂದ ಬಂದ ನಿವ್ವಳ ಉತ್ಪಾದನಾಂಗ ಆದಾಯ ಕೂಡಿಸಬೇಕು, ಮಾರುಕಟ್ಟೆ ಬೆಲೆಯಿಂದ ಉತ್ಪಾದನಾಂಗ ವೆಚ್ಚಕ್ಕೆ ಹೋಗಲು ಪರೋಕ್ಷ ತೆರಿಗೆಯಲ್ಲಿ ಸಹಾಯಧನ ಕಳೆದು ಉಳಿದದ್ದನ್ನು ಕಳೆಯಬೇಕು. ಮೂರೂ ಸ್ವಿಚ್ಚು ಒತ್ತಿದರೆ ಸಿಗುವುದೇ ರಾಷ್ಟ್ರೀಯ ಆದಾಯ, ಅಂದರೆ ಉತ್ಪಾದನಾಂಗ ವೆಚ್ಚದ ನಿವ್ವಳ ರಾಷ್ಟ್ರೀಯ ಉತ್ಪನ್ನ. ಕೆಳಗಿನ ಸೂತ್ರದಲ್ಲಿ MP ಮಾರುಕಟ್ಟೆ ಬೆಲೆ, FC ಉತ್ಪಾದನಾಂಗ ವೆಚ್ಚ, D ಸವಕಳಿ, NFIA ವಿದೇಶದಿಂದ ಬಂದ ನಿವ್ವಳ ಉತ್ಪಾದನಾಂಗ ಆದಾಯ, NIT ಸಹಾಯಧನ ಕಳೆದ ಪರೋಕ್ಷ ತೆರಿಗೆ:

```
NNP(FC) = GDP(MP) - D + NFIA - NIT
800 = 1000 - 80 + (-20) - 100
```

ಎರಡನೆಯ ಸಾಲಿನ ಅಂಕಿಗಳು ನಾನು ಹಾಕಿಕೊಂಡವು. ವಿದೇಶದ ಬಾಬ್ತನ್ನು ಬೇಕೆಂದೇ ಋಣ ಸಂಖ್ಯೆಯಾಗಿ ಇಟ್ಟೆ. ಹೊರಗಿನವರಿಗೆ ನಾವು ಕೊಟ್ಟದ್ದು ಹೆಚ್ಚಾದರೆ ಕೂಡಿಸಿದರೂ ಮೊತ್ತ ಇಳಿಯುತ್ತದೆ ಎಂಬುದು ಪರೀಕ್ಷೆಯ ಗಡಿಬಿಡಿಯಲ್ಲಿ ಮರೆಯುವ ಸಂಗತಿ.

ಸವಕಳಿಗೂ ತನ್ನದೇ ಸಾಲು ಬೇಕು, ಏಕೆಂದರೆ ಅದರೊಳಗೂ ಮಿತಿ ಹಾಕುವ ಪದವಿದೆ: ಸಾಮಾನ್ಯ ಬಳಕೆಯ ಸವೆತ ಮತ್ತು ನಿರೀಕ್ಷಿತ ಹಳತಾಗುವಿಕೆ. ಭೂಕಂಪದಲ್ಲಿ ಕಾರ್ಖಾನೆ ಬಿದ್ದರೆ ಅದು ಸವಕಳಿಯಲ್ಲ, ಬಂಡವಾಳ ನಷ್ಟ. ಮೂರನೆಯ ಸ್ವಿಚ್ಚಿನ ನಡುವೆ ಒಂದು ನಿಲ್ದಾಣವೂ ಇದೆ. 2015ರ ಜನವರಿಯಲ್ಲಿ 2011-12 ಆಧಾರ ವರ್ಷದ ಹೊಸ ಸರಣಿ ಬಂದಾಗಿನಿಂದ ಭಾರತದಲ್ಲಿ ಉತ್ಪಾದನಾಂಗ ವೆಚ್ಚದ ಜಿಡಿಪಿಯ ಬದಲು ಮೂಲ ಬೆಲೆಯಲ್ಲಿ ಒಟ್ಟು ಮೌಲ್ಯವರ್ಧನೆಯನ್ನು ಪ್ರಕಟಿಸುತ್ತಾರೆ. ಮಾರುಕಟ್ಟೆ ಬೆಲೆಯಿಂದ ಸರಕಿನ ಮೇಲಿನ ನಿವ್ವಳ ತೆರಿಗೆ ಕಳೆದರೆ ಮೂಲ ಬೆಲೆ. ಅದರಿಂದ ಉತ್ಪಾದನೆಯ ಮೇಲಿನ ನಿವ್ವಳ ತೆರಿಗೆಯನ್ನೂ ಕಳೆದರೆ ಉತ್ಪಾದನಾಂಗ ವೆಚ್ಚ. ಸ್ಲೈಡಿನಲ್ಲಿ ಇದು ಒಂದೇ ಒಂದು ಕಡೆ ಇತ್ತು. ಪಟ್ಟಿ ಇಲ್ಲದಿದ್ದರೆ ಖಂಡಿತ ಬಿಟ್ಟುಹೋಗುತ್ತಿತ್ತು.

ಸ್ವಿಚ್ಚುಗಳಿಂದ 15 ಸಾಲು ಉಳಿಯಿತು. ಇನ್ನೂ 11 ಸಾಲು ಉಳಿದದ್ದು ಜೋಡಿಗಳಿಂದ. ಸಂಗ್ರಹ ಮತ್ತು ಹರಿವು, ಅಂತಿಮ ಸರಕು ಮತ್ತು ಮಧ್ಯಂತರ ಸರಕು, ಇಂಥವನ್ನು ಬೇರೆ ಬೇರೆ ಬರೆಯದೆ ವ್ಯತ್ಯಾಸ ಎಲ್ಲಿದೆಯೋ ಅದನ್ನಷ್ಟೇ ಒಂದು ಸಾಲಿನಲ್ಲಿ ಬರೆದೆ. "ಹಾಲು: ಮನೆಗೆ ಕೊಂಡರೆ ಅಂತಿಮ, ಹೋಟೆಲಿನ ಚಹಾಕ್ಕೆ ಕೊಂಡರೆ ಮಧ್ಯಂತರ, ನಿರ್ಧರಿಸುವುದು ಬಳಕೆ, ವಸ್ತುವಲ್ಲ." 45 ಸಾಲಿಗೆ ಹಾಳೆ ಮುಗಿಯಿತು.

ಕೊನೆಗೆ ಪರಿಶೀಲನೆ. ಪಟ್ಟಿಯ ಪ್ರತಿ ಪದದ ಮುಂದೆ ಗುರುತು ಹಾಕುವುದು ಮೊದಲ ಸುತ್ತು. ಎರಡನೆಯ ಸುತ್ತಿನಲ್ಲಿ ಪ್ರತಿ ವ್ಯಾಖ್ಯೆಯ ಒಂದೊಂದೇ ಪದವನ್ನು ಬೆರಳಿನಿಂದ ಮುಚ್ಚಿ, ಈಗ ಯಾವ ಬೇಡದ ವಸ್ತು ಒಳಗೆ ನುಗ್ಗುತ್ತದೆ ಎಂದು ಕೇಳಿಕೊಂಡೆ. "ಅಂತಿಮ" ಮುಚ್ಚಿದರೆ ಅಡಿಕೆ ನುಗ್ಗುತ್ತದೆ: ಕೃಷಿಕ ವ್ಯಾಪಾರಿಗೆ 100 ರೂಪಾಯಿಗೆ ಕೊಟ್ಟ ಅಡಿಕೆ ಪೊಟ್ಟಣದ ಸುಪಾರಿಯಾಗಿ 160ಕ್ಕೆ ಮಾರಾಟವಾದರೆ ಲೆಕ್ಕ 260 ಆಗುತ್ತದೆ, ಆಗಬೇಕಾದದ್ದು 160. "ಒಂದು ವರ್ಷದಲ್ಲಿ ಉತ್ಪಾದನೆಯಾದ" ಎಂಬುದನ್ನು ಮುಚ್ಚಿದರೆ ಹಳೆಯ ಸ್ಕೂಟರಿನ ಮರುಮಾರಾಟ ನುಗ್ಗುತ್ತದೆ. ಯಾವುದೂ ನುಗ್ಗದಿದ್ದರೆ ಆ ಪದ ಅಲಂಕಾರ, ತೆಗೆದುಹಾಕಬಹುದು. ಹಾಗೆ ನಾಲ್ಕೈದು ಪದ ಹೋದವು. ಇದೇ ಪರೀಕ್ಷೆಯನ್ನು ಎರಡನೆಯ ದಿನದ ಹಾಳೆಗೆ ಹಾಕಿದಾಗ 22ರಲ್ಲಿ ಏಳು ಬಿದ್ದವು.

ಮೂರನೆಯದಕ್ಕೆ ಹಿಡಿದದ್ದು ಸುಮಾರು ಐದು ಗಂಟೆ, ಎರಡನೆಯದಕ್ಕೆ ಒಂದೂವರೆ. ಸಮಯವಿಲ್ಲದವರು ಪಟ್ಟಿ ಮಾಡಿಕೊಂಡು, ಆಮೇಲೆ ನೆನಪಿನಿಂದ ಬರೆದು, ಬೆರಳಿನ ಪರೀಕ್ಷೆಗೆ ಹಾಕುವುದು ಒಳ್ಳೆಯದು. ಮೂರು ಗಂಟೆಯೊಳಗೆ ಮುಗಿದೀತು. ಆದರೆ ಸ್ವಿಚ್ಚಿನ ಉಪಾಯ ಎಲ್ಲ ಪಾಠಕ್ಕೂ ಒಗ್ಗುವುದಿಲ್ಲ. ಮುಂದಿನ ವಾರ ಯೋಜನಾ ಆಯೋಗದ ಇತಿಹಾಸದ ಸ್ಲೈಡುಗಳಿಗೆ ಅದನ್ನೇ ಪ್ರಯೋಗಿಸಲು ಹೋದೆ. ಅಲ್ಲಿ ಒಂದು ವ್ಯಾಖ್ಯೆ ಇನ್ನೊಂದರಿಂದ ಹುಟ್ಟುವುದಿಲ್ಲ, ಎಲ್ಲವೂ ತಮ್ಮ ಪಾಡಿಗೆ ನಿಂತಿವೆ. ಪಟ್ಟಿ ಮಾತ್ರ ಕೆಲಸಕ್ಕೆ ಬಂತು, ಹಾಳೆಯ ಹಿಂಬದಿಯೂ ಅರ್ಧ ತುಂಬಿತು. ಬಸ್ಸಿನಲ್ಲಿ ಅದನ್ನು ಒಂದೇ ಕೈಯಲ್ಲಿ ತಿರುಗಿಸಿಕೊಂಡು ಓದಿದೆ.