ಒಂದೇ ನಳಿಗೆ, ಎರಡು ಕಣ್ಣುಮಸೂರ: ಎರಡು ವರ್ಷ ಬಳಸಿದ ಮೇಲೆ

ನಾನು ಕೊಂಡಿದ್ದು ನಾವೇ ಜೋಡಿಸಿಕೊಳ್ಳುವ ಸಣ್ಣ ಟೆಲಿಸ್ಕೋಪ್ ಕಿಟ್. ಮುಂದೆ 40 ಮಿಲಿಮೀಟರ್ ಅಗಲದ, 500 ಮಿ.ಮೀ. ಸಂಗಮ ದೂರದ ಪೀನ ಮಸೂರ. ಹಿಂದೆ ಹಾಕಿಕೊಳ್ಳಲು ಎರಡು ಕಣ್ಣುಮಸೂರಗಳು: ಒಂದು ನಿಮ್ನ, ಒಂದು ಪೀನ, ಎರಡರ ಸಂಗಮ ದೂರವೂ 50 ಮಿ.ಮೀ. ನಿಮ್ನದ್ದನ್ನು ಹಾಕಿದರೆ ಗೆಲಿಲಿಯೋ ಟೆಲಿಸ್ಕೋಪು, ಪೀನದ್ದನ್ನು ಹಾಕಿದರೆ ಖಗೋಳ ಟೆಲಿಸ್ಕೋಪು. 500ನ್ನು 50ರಿಂದ ಭಾಗಿಸಿದರೆ 10, ಹಾಗಾಗಿ ಎರಡರಲ್ಲೂ ವರ್ಧನೆ ಹತ್ತೇ ಪಟ್ಟು. ಎರಡನ್ನೂ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ, ಬದಲಾಗುವುದು ಹಿಂದಿನ ಒಂದು ಗಾಜು ಮಾತ್ರ.

ಎರಡು ಮಸೂರಗಳ ಗುರುತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಡಬ್ಬಿಯ ಮೇಲೆ ಬರೆದಿರಲಿಲ್ಲ. ಪುಸ್ತಕದ ಅಕ್ಷರದ ಮೇಲೆ ಹಿಡಿದಾಗ ಅಕ್ಷರ ಚಿಕ್ಕದಾಗಿ ಕಂಡರೆ ನಿಮ್ನ, ದೊಡ್ಡದಾಗಿ ಕಂಡರೆ ಪೀನ. ಮೊದಲ ದಿನ ಇದನ್ನು ನೋಡಿಕೊಳ್ಳದೆ ನಿಮ್ನ ಮಸೂರ ಹಾಕಿ, ನಳಿಗೆಯನ್ನು 550 ಮಿ.ಮೀ.ಗೆ ಎಳೆದು ಅರ್ಧ ಗಂಟೆ ಮಸುಕನ್ನೇ ನೋಡುತ್ತ ಕೂತಿದ್ದೆ.

ಖಗೋಳ ಟೆಲಿಸ್ಕೋಪಿನಲ್ಲಿ ಮುಂದಿನ ಮಸೂರ ದೂರದ ವಸ್ತುವಿನ ಬಿಂಬವನ್ನು 500 ಮಿ.ಮೀ. ಹಿಂದೆ ನಿಜವಾಗಿಯೇ ಮೂಡಿಸುತ್ತದೆ. ಕಣ್ಣುಮಸೂರ ಅದರಿಂದ ಇನ್ನೂ 50 ಮಿ.ಮೀ. ಆಚೆ ಕೂತು, ಭೂತಗನ್ನಡಿಯ ಹಾಗೆ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಒಟ್ಟು 550. ಗೆಲಿಲಿಯೋ ಬಗೆಯಲ್ಲಿ ಕಿರಣಗಳು ಆ ಬಿಂದುವನ್ನು ಮುಟ್ಟುವ 50 ಮಿ.ಮೀ. ಮೊದಲೇ ನಿಮ್ನ ಮಸೂರ ಅಡ್ಡ ಬಂದು ಅವನ್ನು ಸಮಾಂತರ ಮಾಡಿ ಕಳಿಸುತ್ತದೆ. ಒಟ್ಟು 450. ಅಂದರೆ ಉಳಿತಾಯ ಕಣ್ಣುಮಸೂರದ ಸಂಗಮ ದೂರದ ಎರಡರಷ್ಟು, ಇಲ್ಲಿ 100 ಮಿ.ಮೀ.

'ಗೆಲಿಲಿಯೋ ಬಗೆ ಗಿಡ್ಡ' ಎಂದು ಎಲ್ಲರೂ ಹೇಳುತ್ತಾರೆ, ಎಷ್ಟು ಗಿಡ್ಡ ಎಂದು ಹೇಳುವವರು ಕಡಿಮೆ. ನನ್ನ ನಳಿಗೆಯಲ್ಲಿ ಅದು ಐದನೇ ಒಂದು ಪಾಲಿಗಿಂತಲೂ ಕಡಿಮೆ, ಚೀಲಕ್ಕೆ ಹಾಕುವಾಗ ಗೊತ್ತೇ ಆಗುವುದಿಲ್ಲ. ವರ್ಧನೆ 20 ಪಟ್ಟಾದರೆ ಉಳಿತಾಯ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮೂರು ಪಟ್ಟಿನ ನಾಟಕದ ದುರ್ಬೀನಿನಲ್ಲಾದರೆ ಉದ್ದ ನೇರ ಅರ್ಧಕ್ಕೇ ಬರುತ್ತದೆ. ನಿಮ್ನ ಕಣ್ಣುಮಸೂರ ಇವತ್ತಿಗೂ ಅಂಥ ಕಡಿಮೆ ವರ್ಧನೆಯ ಪುಟ್ಟ ದುರ್ಬೀನುಗಳಲ್ಲಿ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಖಗೋಳ ಟೆಲಿಸ್ಕೋಪಿನಲ್ಲಿ ದೂರದ ಮನೆಯೊಂದನ್ನು ತೋರಿಸಿದಾಗ ಮಗಳು ಹೇಳಿದ ಮೊದಲ ಮಾತು, "ಅಪ್ಪಾ, ಮನೆ ಉಲ್ಟಾ ನೇತಾಡ್ತಿದೆ." ನೆಲದ ಮೇಲಿನದ್ದನ್ನು ನೋಡಲು ಬಿಂಬವನ್ನು ನೆಟ್ಟಗೆ ಮಾಡಬೇಕು. ನಡುವೆ ಇನ್ನೊಂದು ಪೀನ ಮಸೂರ ಇಟ್ಟರೆ ಆ ಕೆಲಸ ಆಗುತ್ತದೆ, ಆದರೆ ಅದು ತನ್ನ ಸಂಗಮ ದೂರದ ನಾಲ್ಕರಷ್ಟು ಜಾಗ ಕೇಳುತ್ತದೆ. 40 ಮಿ.ಮೀ.ನದೊಂದನ್ನು ಹಾಕಿ ನೋಡಿದೆ, ನಳಿಗೆ 710 ಮಿ.ಮೀ. ಆಯಿತು. ಹಕ್ಕಿ ನೋಡುವವರಿಗೆ ನ್ಯಾಯವಾದ ಹೋಲಿಕೆ 450ಕ್ಕೂ 710ಕ್ಕೂ ನಡುವಿನದು. ಬೈನಾಕ್ಯುಲರಿನ ಪಟ್ಟಕಗಳು ಬಿಂಬವನ್ನು ನೆಟ್ಟಗೆ ಮಾಡುವ ಜೊತೆಗೆ ಬೆಳಕಿನ ದಾರಿಯನ್ನೇ ಮಡಚಿಬಿಡುವುದರಿಂದ ಅಲ್ಲಿ ಈ ಉದ್ದ ಬೇಕಾಗುವುದಿಲ್ಲ.

ಬಿಂಬವನ್ನು ತಿರುಗಿಸುವುದು ಕಣ್ಣುಮಸೂರ ಎಂದು ನಾನೂ ಬಹಳ ದಿನ ನಂಬಿದ್ದೆ. ಕಣ್ಣುಮಸೂರ ತೆಗೆದು, ಮುಂದಿನ ಮಸೂರದಿಂದ 500 ಮಿ.ಮೀ. ಹಿಂದೆ ಎಣ್ಣೆ ಸವರಿದ ಕಾಗದ ಹಿಡಿದು ನೋಡಿ. ಎದುರಿನ ಮರ ಅಲ್ಲೇ ತಲೆಕೆಳಗಾಗಿ ಮೂಡಿರುತ್ತದೆ. ಪೀನ ಕಣ್ಣುಮಸೂರ ಅದನ್ನು ಇದ್ದ ಹಾಗೇ ದೊಡ್ಡದು ಮಾಡುತ್ತದೆ, ಅಷ್ಟೇ. ನಿಮ್ನ ಮಸೂರ ಆ ಬಿಂಬ ಮೂಡಲು ಬಿಡುವುದೇ ಇಲ್ಲ, ಆದ್ದರಿಂದ ತಿರುಗುವ ಪ್ರಶ್ನೆಯೂ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಖಗೋಳ ಟೆಲಿಸ್ಕೋಪು ಮೇಲು ಕೆಳಗನ್ನು ಮಾತ್ರ ಬದಲಿಸುತ್ತದೆ ಎಂಬುದು. ಎಡ ಬಲವೂ ಬದಲಾಗುತ್ತದೆ. ಇಡೀ ಚಿತ್ರ ಅರ್ಧ ಸುತ್ತು ತಿರುಗಿರುತ್ತದೆ, ಹಾಗಾಗಿ ಚಂದ್ರನ ನಕ್ಷೆಯನ್ನು ತಲೆಕೆಳಗು ಹಿಡಿದರೆ ಕಂಡದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆ. (ಕತ್ತು ನೋಯದಿರಲೆಂದು ಹಿಂದೆ ಓರೆ ಕನ್ನಡಿ ಸಿಕ್ಕಿಸಿಕೊಂಡವರಿಗೆ ಈ ಉಪಾಯ ನಡೆಯದು. ಕನ್ನಡಿ ಎಡಬಲವನ್ನು ಅದಲುಬದಲು ಮಾಡುವುದರಿಂದ ನಕ್ಷೆಯನ್ನು ಹೇಗೆ ತಿರುಗಿಸಿದರೂ ಹೊಂದುವುದಿಲ್ಲ.) ನಕ್ಷತ್ರಗಳಿಗೆ ಮೇಲು ಕೆಳಗು ಎಂಬುದಿಲ್ಲ, ವಾರದಲ್ಲಿ ಕೈ ಒಗ್ಗಿತು. ಹಾರುವ ಹಕ್ಕಿಯ ಹಿಂದೆ ಹೋಗುವುದು ಮಾತ್ರ ಎರಡು ವರ್ಷವಾದರೂ ಒಗ್ಗಿಲ್ಲ. ಅದು ಬಲಕ್ಕೆ ಹಾರಿದರೆ ಒಳಗೆ ಎಡಕ್ಕೆ ಹೋಗುತ್ತದೆ, ಕೈಯೂ ಎಡಕ್ಕೇ ಓಡುತ್ತದೆ, ಹಕ್ಕಿ ಮಾಯ.

ಇಷ್ಟು ಕೇಳಿದರೆ ಗೆಲಿಲಿಯೋ ಬಗೆಯೇ ವಾಸಿ ಎನ್ನಿಸಬಹುದು: ಗಿಡ್ಡ, ನೆಟ್ಟಗಿನ ಬಿಂಬ, ಹೆಚ್ಚಿನ ಗಾಜೂ ಬೇಡ. ಹಾಗಿದ್ದರೂ ನನ್ನ ನಳಿಗೆಯಲ್ಲಿ ಹೆಚ್ಚು ಹೊತ್ತು ಇರುವುದು ಪೀನ ಮಸೂರವೇ. ಕಾರಣ, ಕಾಣುವ ಆಕಾಶದ ಅಗಲ. ನಿಮ್ನ ಮಸೂರದ ಮೂಲಕ ನೋಡುವಾಗ ಮುಂದಿನ ಮಸೂರ ಕಣ್ಣಿಗೆ 4 ಮಿ.ಮೀ. ಅಗಲದ ಕಿಂಡಿಯಂತೆ, ನಳಿಗೆಯ ಒಳಗೆ 45 ಮಿ.ಮೀ. ದೂರದಲ್ಲಿ ಕಾಣುತ್ತದೆ. ಬಾಗಿಲ ತೂತಿನಲ್ಲಿ ಇಣುಕಿದ ಹಾಗೆ, ಕಣ್ಣು ಹಿಂದೆ ಸರಿದಷ್ಟೂ ಆಚೆಯ ನೋಟ ಕುಗ್ಗುತ್ತದೆ. ಕಣ್ಣನ್ನು ಮಸೂರಕ್ಕೆ 10 ಮಿ.ಮೀ. ಹತ್ತಿರ ಇಟ್ಟಾಗ ನನಗೆ ಸಿಗುವುದು ಸುಮಾರು 0.4 ಡಿಗ್ರಿ, ಅರ್ಧ ಡಿಗ್ರಿ ಅಗಲದ ಪೂರ್ಣಚಂದ್ರನೂ ಒಂದೇ ನೋಟಕ್ಕೆ ಪೂರ್ತಿ ಹಿಡಿಸುವುದಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಚಂದ್ರನ ಮೂರನೇ ಎರಡು ಪಾಲು. 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ಕಂಡ ಗೆಲಿಲಿಯೋನ ಸುಮಾರು 20 ಪಟ್ಟಿನ ನಳಿಗೆಗಳಲ್ಲಿ ನೋಟ ಇನ್ನೂ ಕಿರಿದು, ಚಂದ್ರನ ವ್ಯಾಸದ ಅರ್ಧದಷ್ಟು. ಅದನ್ನು ಹಿಡಿದು ಆತ ಗುರುವನ್ನು ರಾತ್ರಿ ರಾತ್ರಿ ಹುಡುಕಿದ್ದನ್ನು ನೆನೆದಾಗ ನನ್ನ ಗೊಣಗಾಟ ಸ್ವಲ್ಪ ತಗ್ಗುತ್ತದೆ.

ಪೀನ ಕಣ್ಣುಮಸೂರ ಹಾಕಿದರೆ ಅದೇ ನಳಿಗೆಯಲ್ಲಿ ಸುಮಾರು ಎರಡು ಡಿಗ್ರಿ ಕಾಣುತ್ತದೆ, ನಾಲ್ಕು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಗುರುಗ್ರಹ ಆಕಾಶದಲ್ಲಿ ನಿಮಿಷಕ್ಕೆ ಕಾಲು ಡಿಗ್ರಿ ಸರಿಯುತ್ತದೆ. ನಿಮ್ನ ಮಸೂರದಲ್ಲಿ ಅದು ಈ ಅಂಚಿನಿಂದ ಆ ಅಂಚಿಗೆ ದಾಟಲು ಒಂದೂಮುಕ್ಕಾಲು ನಿಮಿಷವೂ ಬೇಡ, ಪೀನದಲ್ಲಿ ಹತ್ತಿರ ಹತ್ತಿರ ಎಂಟು ನಿಮಿಷ. ಮಗಳನ್ನು ಕರೆದು, ಸ್ಟೂಲು ಹತ್ತಿಸಿ, ಅವಳು ಕಣ್ಣಿಡುವಷ್ಟರಲ್ಲಿ ನಿಮ್ನದ್ದರಲ್ಲಿ ಗುರು ಹೊರಟೇ ಹೋಗಿರುತ್ತಾನೆ.

ಪೀನಕ್ಕೂ ಒಂದು ಕಿರಿಕಿರಿ ಇದೆ. ಬೆಳಕೆಲ್ಲ ಮಸೂರದಿಂದ 55 ಮಿ.ಮೀ. ಹಿಂದೆ ಒಂದು ಪುಟ್ಟ ವೃತ್ತಕ್ಕೆ ಬಂದು ಸೇರುತ್ತದೆ, ಕಣ್ಣು ಅಲ್ಲೇ ಇರಬೇಕು. ಕನ್ನಡಕದವರಿಗೆ ಅದು ಅನುಕೂಲವೇ, ಆದರೆ ತಲೆ ಆಡಿದರೆ ಕಪ್ಪು ನೆರಳು ನುಗ್ಗುತ್ತದೆ. ಗಟ್ಟಿ ಕಾಗದ ಸುತ್ತಿ ಅಷ್ಟೇ ಉದ್ದದ ಕೊಳವೆ ಅಂಟಿಸಿದ ಮೇಲೆ ಆ ತೊಂದರೆ ತಪ್ಪಿತು. ನಿಮ್ನದ್ದಕ್ಕೆ ಇಂಥ ಚಿಕಿತ್ಸೆ ಇಲ್ಲ, ಅದರಲ್ಲಿ ಆ ವೃತ್ತ ನಳಿಗೆಯ ಒಳಗೇ ಇರುವುದರಿಂದ ಕಣ್ಣು ಅಲ್ಲಿಗೆ ತಲುಪಲಾರದು. ಹತ್ತಿರದ ದೃಷ್ಟಿ ಮಾತ್ರ ಇರುವವರು ಕನ್ನಡಕ ತೆಗೆದಿಟ್ಟು ಕಣ್ಣುಮಸೂರವನ್ನು ಒಳಕ್ಕೆ ತಳ್ಳಿಕೊಳ್ಳಬಹುದು. ನನ್ನ ಮೈನಸ್ ಮೂರು ಪವರಿಗೆ ಏಳೆಂಟು ಮಿ.ಮೀ. ಸಾಕಾಯಿತು.

ಈಗ ನಿಮ್ನ ಮಸೂರ ಹಗಲಿಗೆ, ದೂರದ ಬೋರ್ಡು ಓದುವುದಕ್ಕೆ. ಪೀನ ರಾತ್ರಿಗೆ. ಕಿಟ್ಟಿನ ಜಾರುನಳಿಗೆ ಸಡಿಲ, ಮೇಲಕ್ಕೆತ್ತಿದರೆ ತಾನೇ ಇಳಿಯುತ್ತದೆ. ಅದಕ್ಕೊಂದು ಅಂಕ ಕಳೆದು ಐದಕ್ಕೆ ನಾಲ್ಕು ಕೊಡುತ್ತೇನೆ.