ಮನೆಪತ್ರ ಇಟ್ಟು ಸಾಲವೋ, ಅಡಮಾನವಿಲ್ಲದ ಸಾಲವೋ?

ಮಗಳ ಎರಡು ವರ್ಷದ ಎಂಎಸ್ ಓದಿಗೆ 30 ಲಕ್ಷ ಶಿಕ್ಷಣ ಸಾಲ ಒಟ್ಟಿಗೇ ಬೇಕು ಎಂದಿಟ್ಟುಕೊಳ್ಳಿ. ಸರ್ಕಾರಿ ಬ್ಯಾಂಕು ಮನೆ ಅಡವಿಟ್ಟುಕೊಂಡು 10% ಬಡ್ಡಿಗೆ, ಖಾಸಗಿ ಹಣಕಾಸು ಕಂಪನಿ ಅಡಮಾನವಿಲ್ಲದೆ 12.5%ಗೆ ಕೊಡುತ್ತದೆ ಎನ್ನೋಣ.

ಬ್ಯಾಂಕಿನ ದಾರಿ ನಿಧಾನ. ಖಾತಾ, ಮೂಲಪತ್ರ, ಇಸಿ ನೋಡಿ ವಕೀಲರು ಸರಿ ಎನ್ನಬೇಕು. ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಖಾತಾ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಪ್ರವೇಶಪತ್ರಕ್ಕೆ ಕಾಯದೆ ಈಗಲೇ ಬದಲಾಯಿಸಿಕೊಳ್ಳಿ. ಕಂಪನಿ ಬೇಗ ಕೊಡುತ್ತದೆ. ಆದರೆ ಅಪ್ಪ ಅಮ್ಮನ ಆದಾಯ ನೋಡುತ್ತದೆ, ಓದುವಾಗಲೇ ಬಡ್ಡಿ ಕೇಳುವುದೂ ಉಂಟು. ಪೂರ್ತಿ ಬಡ್ಡಿ ಎಂದರೆ ತಿಂಗಳಿಗೆ 31,250 ರೂಪಾಯಿ.

ಬ್ಯಾಂಕಿನಲ್ಲಿ ಓದು ಮುಗಿದು ಆರು ತಿಂಗಳವರೆಗೆ ಕಂತಿಲ್ಲ ಎನ್ನೋಣ. ಇಲ್ಲೇ ಬಹಳ ಮಂದಿ ಎಡವುತ್ತಾರೆ: ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ. ತಿಂಗಳಿಗೆ 25,000ದಂತೆ 30 ತಿಂಗಳಿಗೆ 7.5 ಲಕ್ಷ ಅಸಲಿಗೆ ಸೇರುತ್ತದೆ. ಆಗ ಹತ್ತು ವರ್ಷದ ಕಂತು ಸುಮಾರು 49,500. ಬಡ್ಡಿ ಕಟ್ಟುತ್ತಾ ಬಂದಿದ್ದರೆ 39,600. ಕಂಪನಿಯಲ್ಲಿ ಬಡ್ಡಿ ಪೂರ್ತಿ ಕಟ್ಟಿಯೂ ಕಂತು 43,900.

ಪತ್ರ ಸರಿಯಿದ್ದು, ಮನೆಯವರು ಓದಿನ ಸಮಯದಲ್ಲೇ ಬಡ್ಡಿಗೆ ತಿಂಗಳಿಗೆ ಹತ್ತು ಸಾವಿರವಾದರೂ ಕಟ್ಟಬಲ್ಲರಾದರೆ ನಾನು ಬ್ಯಾಂಕನ್ನೇ ಹೇಳುತ್ತೇನೆ. ಮಗಳಿಗೆ ಕೆಲಸ ತಡವಾದರೆ ಹೋಗುವುದು ವಾಸದ ಮನೆ ಎನ್ನುವ ಭಯ ಕಾಡುವವರು ಮಾತ್ರ ಕಂಪನಿಯ ಹೆಚ್ಚಿನ ಬಡ್ಡಿಯನ್ನು ಯೋಚಿಸಬಹುದು.