ಪಂಚ್ ಫೇಸ್, ಡಾಲ್ ಫೇಸ್, ಎಕ್ಸಾಟಿಕ್: ಮೂರನ್ನೂ ಮನೆಯಲ್ಲಿ ಇಟ್ಟುಕೊಂಡು ನೋಡಿದ ಮೇಲೆ

ಪರ್ಷಿಯನ್ ಬೆಕ್ಕು ತರಬೇಕು ಅಂತ ಮನಸ್ಸು ಮಾಡಿದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೂಗು ಸ್ವಲ್ಪ ಮುಂದಕ್ಕೆ ಬಂದಿರುವ ಡಾಲ್ ಫೇಸ್ ತನ್ನಿ. ಮುಖ ಪೂರ್ತಿ ಚಪ್ಪಟೆಯಾದ ಪಂಚ್ ಫೇಸ್ ಬೇಡ. ನಮ್ಮ ಮನೆಯಲ್ಲಿ ಎರಡೂ ಇವೆ. ಮೂರು ವರ್ಷದ ಮುತ್ತು ಪಂಚ್ ಫೇಸ್, ಎರಡು ವರ್ಷದ ಚಿನ್ನಿ ಡಾಲ್ ಫೇಸ್. ಮೈಸೂರಿನ ಅಕ್ಕ ಬಾಣಂತನಕ್ಕೆ ಅಂತ ಮಗಳ ಮನೆಗೆ ಹೋದಾಗ ಅವಳ ಎಕ್ಸಾಟಿಕ್ ಶಾರ್ಟ್‌ಹೇರ್ ಎರಡು ತಿಂಗಳು ನಮ್ಮಲ್ಲೇ ಇತ್ತು. ಎಕ್ಸಾಟಿಕ್ ಅಂದರೆ ಪರ್ಷಿಯನ್ ಮುಖ, ಗಿಡ್ಡ ಕೂದಲು. ಹಾಗಾಗಿ ಯಾವ ತೊಂದರೆ ಮುಖದಿಂದ ಬರುತ್ತೆ, ಯಾವುದು ಕೂದಲಿನಿಂದ ಬರುತ್ತೆ ಅನ್ನುವುದು ನನಗೆ ಬೇರೆ ಬೇರೆಯಾಗಿ ಕಾಣಿಸಿತು.

ಮುತ್ತುಗೆ ಕೊಟ್ಟಿದ್ದು 28,000 ರೂಪಾಯಿ, ಚಿನ್ನಿಗೆ 11,000. ಮುಖ ಚಪ್ಪಟೆಯಾದಷ್ಟೂ ಬೆಲೆ ಜಾಸ್ತಿ ಅಂತ ಮಾರುವವರು ಹೇಳುತ್ತಾರೆ. ಆ ಜಾಸ್ತಿ ಬೆಲೆಯಲ್ಲಿ ನಾನು ಕೊಂಡಿದ್ದು ಕಣ್ಣಿನ ಕಾಯಿಲೆ.

ಕಣ್ಣಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಕ್ಕಿನ ಕಣ್ಣೀರು ಕಣ್ಣಿನ ಒಳಮೂಲೆಯಿಂದ ಒಂದು ಸಣ್ಣ ನಾಳದಲ್ಲಿ ಹರಿದು ಮೂಗಿನೊಳಗೆ ಹೋಗುತ್ತದೆ. ಮೂಗು ಉದ್ದ ಇದ್ದರೆ ದಾರಿ ಸಲೀಸು. ಮುಖ ಒಳಕ್ಕೆ ಒತ್ತಿಕೊಂಡರೆ ಮೇಲ್ದವಡೆಯ ಕೋರೆಹಲ್ಲು ಜಾಗ ಬಿಟ್ಟು ತಿರುಗುತ್ತದೆ, ನಾಳ ಆ ಹಲ್ಲಿನ ಬೇರನ್ನು ಬಳಸಿಕೊಂಡು ಕೆಳಗಿಳಿದು ಮತ್ತೆ ಮೇಲೇರಬೇಕಾಗುತ್ತದೆ. ನೀರು ಮೇಲಕ್ಕೆ ಹರಿಯುವುದಿಲ್ಲ ಅಲ್ವಾ? ಅದಕ್ಕೇ ಕೆನ್ನೆ ಮೇಲೆ ಇಳಿಯುತ್ತದೆ. ಕೆಲವರು ನಾಳ ತೊಳೆಸಿದರೆ ಸರಿಹೋಗುತ್ತೆ ಅನ್ನುತ್ತಾರೆ. ಕಸ ಕಟ್ಟಿದ್ದರೆ ಹೋಗಬಹುದು, ನಾಳದ ಆಕಾರವೇ ಸೊಟ್ಟ ಇದ್ದರೆ ತೊಳೆದು ಏನು ಪ್ರಯೋಜನ?

ಮುತ್ತುಗೆ ದಿನಾ ಎರಡು ಹೊತ್ತು ಕಣ್ಣು ಒರೆಸಬೇಕು. ಕಾಯಿಸಿ ಆರಿಸಿದ ನೀರು ಉಗುರುಬೆಚ್ಚಗೆ ಇರಬೇಕು. ಹತ್ತಿಯ ತುಂಡು ಒಂದೊಂದು ಕಣ್ಣಿಗೆ ಬೇರೆ. ಒಳಮೂಲೆಯಿಂದ ಶುರುಮಾಡಿ ಕೆನ್ನೆ ಕಡೆಗೆ, ಆಮೇಲೆ ಒಣಬಟ್ಟೆಯಿಂದ ಮಡಿಕೆಯ ಪಸೆ ತೆಗೆಯಬೇಕು. ಒಂದು ದಿನ ಬಿಟ್ಟರೆ ಮೂಗಿನ ಪಕ್ಕದ ಕೂದಲು ಕಂದುಬಣ್ಣಕ್ಕೆ ತಿರುಗಿ ಅಂಟಾಗುತ್ತದೆ. ಎರಡು ದಿನ ಬಿಟ್ಟರೆ ಮಡಿಕೆಯ ಚರ್ಮ ಕೆಂಪಾಗಿ ವಾಸನೆ ಬರುತ್ತದೆ. ಒಂದು ಮದುವೆಗೆ ಅಂತ ಎರಡು ದಿನ ಊರಿಗೆ ಹೋಗಬೇಕಾದರೂ ಕಣ್ಣು ಒರೆಸಲು ಬರುವ ಒಬ್ಬರನ್ನು ಹುಡುಕಿಯೇ ಹೋಗುತ್ತೇನೆ. ಚಿನ್ನಿಗೆ ವಾರಕ್ಕೆ ಒಂದೆರಡು ಸಲ ಒರೆಸಿದರೆ ಸಾಕು. ಅಕ್ಕನ ಎಕ್ಸಾಟಿಕ್‌ಗೆ ಕೂದಲು ಗಿಡ್ಡವಾದರೂ ಕಣ್ಣು ಮಾತ್ರ ಮುತ್ತುವಿನದೇ ಕತೆ.

ನೀರಿಳಿಯುವುದಾದರೂ ತಡೆದುಕೊಳ್ಳಬಹುದಿತ್ತು. ಮುತ್ತುವಿನ ಕಣ್ಣು ಹೊರಕ್ಕೆ ಉಬ್ಬಿದ ಕಣ್ಣು. ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದೆ ಒಂದು ಎಳೆಯಷ್ಟು ತೆರೆದೇ ಇರುತ್ತದೆ. ಕೆಳರೆಪ್ಪೆ ಮೂಗಿನ ಕಡೆ ಒಳಕ್ಕೆ ಮಡಿಸಿಕೊಂಡಿದೆ, ಅಲ್ಲಿನ ಕೂದಲು ಕಣ್ಣಿನ ಗುಡ್ಡೆಗೆ ಸದಾ ಉಜ್ಜುತ್ತದೆ. ತಂದು ಎಂಟು ತಿಂಗಳಿಗೆ, ಏಪ್ರಿಲ್‌ನಲ್ಲಿ, ಒಂದು ಬೆಳಿಗ್ಗೆ ಎಡಗಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ದಿನದ ನೀರೇ ಇರಬೇಕು ಅಂದುಕೊಂಡೆ. ನಮ್ಮ ಮಾವನವರಿಗೆ ಕಣ್ಣಿನ ಆಪರೇಷನ್ ಆದಾಗ ಬರೆದುಕೊಟ್ಟ ಡ್ರಾಪ್ಸ್ ಫ್ರಿಜ್‌ನಲ್ಲಿ ಉಳಿದಿತ್ತು. ಅದನ್ನೇ ಎರಡು ದಿನ ಹಾಕಿದೆ.

ನಾನು ಮಾಡಿದ ದೊಡ್ಡ ತಪ್ಪು ಅದೇ. ಆ ಡ್ರಾಪ್ಸ್‌ನಲ್ಲಿ ಡೆಕ್ಸಾಮೆಥಾಸೋನ್ ಇತ್ತು, ಅಂದರೆ ಸ್ಟೀರಾಯ್ಡ್. ಕಣ್ಣಿನ ಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಹುಣ್ಣಾಗಿದ್ದರೆ ಸ್ಟೀರಾಯ್ಡ್ ಅದನ್ನು ಮಾಯಲು ಬಿಡುವುದಿಲ್ಲ, ಇನ್ನೂ ಆಳಕ್ಕೆ ಇಳಿಸುತ್ತದೆ. ಡಾಕ್ಟರ್ ಫ್ಲೋರೆಸಿನ್ ಅನ್ನುವ ಬಣ್ಣದ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕಣ್ಣಿಗೆ ತಾಗಿಸಿ ನೀಲಿ ಬೆಳಕು ಹಿಡಿದರು. ಕಣ್ಣಿನ ನಡುವೆ ಸಾಸಿವೆ ಕಾಳಿನಷ್ಟು ಜಾಗ ಹಸಿರಾಗಿ ಹೊಳೆಯಿತು. ಪೊರೆ ಕಿತ್ತುಹೋದ ಕಡೆ ಮಾತ್ರ ಆ ಬಣ್ಣ ಹಿಡಿಯುತ್ತದೆ. ಹಳೆಯ ಡ್ರಾಪ್ಸ್ ನಿಲ್ಲಿಸಿ, ಆಂಟಿಬಯೋಟಿಕ್ ಡ್ರಾಪ್ಸ್ ದಿನಕ್ಕೆ ಆರು ಸಲ ಬರೆದರು. ಕೆರೆದುಕೊಳ್ಳದ ಹಾಗೆ ಕುತ್ತಿಗೆಗೆ ಕೋನ್ ಹಾಕಿದರು.

ಹುಣ್ಣು ಮಾಯುವ ಬದಲು ಐದಾರು ವಾರಕ್ಕೆ ಅದೇ ಜಾಗ ಮೊದಲು ಟೀ ಬಣ್ಣಕ್ಕೆ, ಆಮೇಲೆ ಕಪ್ಪಗೆ ತಿರುಗಿತು. ಇದಕ್ಕೆ ಸೀಕ್ವೆಸ್ಟ್ರಮ್ ಅನ್ನುತ್ತಾರೆ. ಪೊರೆಯ ಒಂದು ಭಾಗ ಸತ್ತು ಕಪ್ಪುಚುಕ್ಕೆಯಾಗಿ ಕೂರುವುದು. ಬೆಕ್ಕುಗಳಲ್ಲಿ, ಅದರಲ್ಲೂ ಪರ್ಷಿಯನ್ ಜಾತಿಯಲ್ಲಿ, ಜಾಸ್ತಿ ಕಾಣಿಸಿಕೊಳ್ಳುವ ಕಾಯಿಲೆ. ಕೆಲವಕ್ಕೆ ತಾನಾಗೇ ಕಳಚಿ ಬೀಳುತ್ತದಂತೆ, ಆದರೆ ಅದು ತಿಂಗಳುಗಟ್ಟಲೆ ನೋವಿನ ಕಾಯುವಿಕೆ. ನಮ್ಮ ಬಳ್ಳಾರಿಯಲ್ಲಿ ಆ ಆಪರೇಷನ್ ಮಾಡುವವರು ನನಗೆ ಸಿಗಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ, ಚುಕ್ಕೆಯನ್ನು ಪದರ ಪದರವಾಗಿ ತೆಗೆಸಿ, ಕೆಳರೆಪ್ಪೆಯ ಮಡಿಕೆಯನ್ನೂ ಸರಿಮಾಡಿಸಿ ಬಂದೆವು. ಓಡಾಟ, ಔಷಧ ಎಲ್ಲ ಸೇರಿ 41,000 ರೂಪಾಯಿ. ಬೆಕ್ಕಿನ ಬೆಲೆಗಿಂತ ಜಾಸ್ತಿ. ಈಗ ಕಣ್ಣು ಕಾಣುತ್ತದೆ, ನಡುವೆ ಸಣ್ಣ ಮಂಜು ಉಳಿದಿದೆ.

ದಿನದ ನೀರಿಗೂ ಕಾಯಿಲೆಗೂ ವ್ಯತ್ಯಾಸ ಈಗ ನನಗೆ ದೂರದಿಂದಲೇ ಗೊತ್ತಾಗುತ್ತದೆ. ದಿನದ ನೀರು ಎರಡೂ ಕಣ್ಣಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಕಣ್ಣು ಅಗಲವಾಗಿ ತೆರೆದೇ ಇರುತ್ತದೆ. ಒಂದು ಕಣ್ಣು ಮಾತ್ರ ಕಿರಿದಾದರೆ, ಹಳದಿ ಅಥವಾ ಹಸಿರು ಪಿಸುರು ಬಂದರೆ, ಒಳಮೂಲೆಯ ಬಿಳಿ ಪೊರೆ ಮೇಲೆ ಬಂದರೆ, ಪಂಜದಿಂದ ಉಜ್ಜಿಕೊಂಡರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಮನೆಯ ಯಾವ ಡ್ರಾಪ್ಸನ್ನೂ ಹಾಕಬಾರದು.

ಇನ್ನು ಉಸಿರು. ಮುತ್ತುವಿನ ಮೂಗಿನ ಹೊಳ್ಳೆ ದುಂಡಗಿಲ್ಲ, ಉಗುರಿನಲ್ಲಿ ಗೀರಿದ ಹಾಗೆ ಸಣ್ಣ ಸೀಳು. ತಂದ ಹೊಸದರಲ್ಲಿ ಗೊರಕೆ ಕೇಳಿ ಮನೆಯವರೆಲ್ಲ ಮುದ್ದು ಮಾಡುತ್ತಿದ್ದೆವು. ಅದು ಗಾಳಿಗಾಗಿ ಕಷ್ಟಪಡುವ ಸದ್ದು ಅಂತ ಆಗ ತಿಳಿದಿರಲಿಲ್ಲ. ಗಾಢ ನಿದ್ದೆಯಲ್ಲಿ ಇರುವಾಗ ಎದೆ ಒಮ್ಮೆ ಏರಿ ಇಳಿದರೆ ಒಂದು ಅಂತ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಆರೋಗ್ಯದ ಬೆಕ್ಕಿಗೆ ನಿಮಿಷಕ್ಕೆ 30ರ ಒಳಗೆ ಇರಬೇಕು. ಚಿನ್ನಿಗೆ 20ರ ಆಸುಪಾಸು. ಮುತ್ತುಗೆ ಡಿಸೆಂಬರ್‌ನಲ್ಲಿ 28, ಬೇಸಿಗೆಯಲ್ಲಿ ಕರೆಂಟ್ ಹೋದ ಒಂದು ಮಧ್ಯಾಹ್ನ 44. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುವ ಪ್ರಾಣಿಯಲ್ಲ. ಹಾಗೆ ಬಿಟ್ಟರೆ ತಡ ಮಾಡುವಂತಿಲ್ಲ.

ಬಳ್ಳಾರಿಯ ಬಿಸಿಲು 40 ದಾಟುವ ಬಿಸಿಲು. ಮುತ್ತುಗೋಸ್ಕರ ಒಂದು ಕೋಣೆಗೆ ಎಸಿ ಹಾಕಿಸಿದೆವು, ಆಮೇಲೆ ಕರೆಂಟ್ ಹೋದಾಗ ಫ್ಯಾನಾದರೂ ತಿರುಗಲಿ ಅಂತ ಇನ್ವರ್ಟರ್. ಹೊಳ್ಳೆ ಅಗಲ ಮಾಡುವ ಆಪರೇಷನ್ ಇದೆ. ಆದರೆ ಇಂಥ ಮುಖದ ಬೆಕ್ಕಿಗೆ ಅರಿವಳಿಕೆ ಕೊಡುವಾಗ ಉಸಿರಿನ ದಾರಿ ಕಾಯುವುದೇ ದೊಡ್ಡ ಕೆಲಸ ಅಂತ ಡಾಕ್ಟರ್ ಹೇಳಿದ್ದರಿಂದ ಕಣ್ಣಿನ ಆಪರೇಷನ್ ಸಮಯದಲ್ಲೇ ನನ್ನ ಕೈ ನಡುಗಿತ್ತು. ಸದ್ಯಕ್ಕೆ ತೂಕ ಏರದ ಹಾಗೆ ನೋಡಿಕೊಳ್ಳುತ್ತಿದ್ದೇನೆ. ಕೊಬ್ಬು ಸೇರಿದರೆ ಉಸಿರು ಇನ್ನಷ್ಟು ಬಿಗಿಯಾಗುತ್ತದೆ.

ಊಟದ ಬಗ್ಗೆ ಒಂದೇ ಮಾತು. ಬಟ್ಟಲು ಬೇಡ, ಚಪ್ಪಟೆ ತಟ್ಟೆ ಇಡಿ. ಮುತ್ತು ಕಾಳನ್ನು ನಾಲಿಗೆಯ ಅಡಿಭಾಗದಿಂದ ಒತ್ತಿ ಎತ್ತಿಕೊಳ್ಳುತ್ತದೆ, ಆಳ ಬಟ್ಟಲಲ್ಲಿ ಅದಕ್ಕೆ ಸಿಗುವುದಿಲ್ಲ.

ಕೂದಲಿನಲ್ಲಿ ಮಾತ್ರ ಎಕ್ಸಾಟಿಕ್ ಗೆದ್ದಿತು. ವಾರಕ್ಕೆ ಎರಡು ಸಲ ಐದೈದು ನಿಮಿಷ ಬಾಚಿದರೆ ಮುಗಿಯಿತು. ಮುತ್ತು, ಚಿನ್ನಿ ಇಬ್ಬರಿಗೂ ದಿನ ಬಿಟ್ಟು ದಿನ ಹದಿನೈದು ನಿಮಿಷ ಬೇಕು. ಮೇಲಿಂದ ಮೇಲೆ ಬ್ರಷ್ ಆಡಿಸಿದರೆ ಹೊರಗೆ ಹೊಳೆಯುತ್ತದೆ, ಒಳಗೆ ಗಂಟು ಕಟ್ಟಿರುತ್ತದೆ. ಸ್ಟೀಲ್ ಬಾಚಣಿಗೆ ಹಿಡಿದು, ತಲೆಗೆ ಬೈತಲೆ ತೆಗೆಯುವ ಹಾಗೆ ಕೂದಲು ಸೀಳಿ, ಚರ್ಮ ಕಾಣುವಷ್ಟು ಬುಡದಿಂದ ಬಾಚಬೇಕು. ಗಂಟು ಮೊದಲು ಕಟ್ಟುವುದು ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಹಿಂಗಾಲಿನ ಒಳಭಾಗದಲ್ಲಿ. ಗಂಟು ಇರುವಾಗ ಸ್ನಾನ ಮಾಡಿಸಬೇಡಿ, ಒದ್ದೆಯಾದರೆ ಇನ್ನೂ ಬಿಗಿಯುತ್ತದೆ. ಕತ್ತರಿಯೂ ಬೇಡ. ಗಂಟಿನ ಜೊತೆ ಚರ್ಮವೂ ಮೇಲಕ್ಕೆ ಎಳೆದುಕೊಂಡು ಬಂದಿರುತ್ತದೆ, ತೆಳು ಕಾಗದದ ಹಾಗೆ ಕತ್ತರಿಸಿ ಹೋಗುತ್ತದೆ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಬಿಡಿಸಿ, ಆಗದಿದ್ದರೆ ಕ್ಲಿಪ್ಪರ್. ಸ್ನಾನ ಆದ ಮೇಲೆ ಬುಡದವರೆಗೆ ಒಣಗಿಸಬೇಕು. ಈ ಜಾತಿಗೆ ಹುಳುಕಡ್ಡಿ ಬೇಗ ಹತ್ತುತ್ತದೆ, ಅದು ಮನೆಯ ಮಕ್ಕಳಿಗೂ ಅಂಟುತ್ತದೆ.

ಆದರೂ ಕೂದಲಿನ ಕೆಲಸ ನನಗೆ ಭಾರ ಅನ್ನಿಸಿಲ್ಲ. ರಾತ್ರಿ ಊಟ ಆದ ಮೇಲೆ ಟಿವಿ ಮುಂದೆ ಕೂತು ಬಾಚುತ್ತೇನೆ, ಚಿನ್ನಿ ತೊಡೆ ಮೇಲೆ ನಿದ್ದೆ ಹೋಗುತ್ತದೆ. ಕೂದಲನ್ನು ನನ್ನ ಹೊತ್ತಿಗೆ ಹೊಂದಿಸಿಕೊಳ್ಳಬಹುದು. ಕಣ್ಣು, ಉಸಿರು ನನ್ನ ಹೊತ್ತು ಕೇಳುವುದಿಲ್ಲ. ತಿಂಗಳಿಗೆ ಒಂದು ಬೆಕ್ಕಿಗೆ ಎರಡು ಸಾವಿರ ಖರ್ಚು ಮಾಡಬಲ್ಲ, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವ, ಬಿಸಿಲೂರಿನಲ್ಲಿ ಇರುವ ನನ್ನಂಥವರಿಗೆ ಡಾಲ್ ಫೇಸ್ ಒಂದೇ ಸರಿ. ಬಾಚಲು ಆಗುವುದಿಲ್ಲ ಅಂತ ಎಕ್ಸಾಟಿಕ್ ತರುವವರು ಕಣ್ಣಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನೋಡಲು ಹೋದಾಗ ‘ಡಾಲ್ ಫೇಸ್’ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಮುಖ ಅರ್ಧ ಚಪ್ಪಟೆಯಾದ ಸೆಮಿ ಪಂಚನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಮುಖಕ್ಕೆ ನೇರ ಎದುರು ಕೂತು, ಎರಡೂ ಕಣ್ಣಿನ ಕೆಳರೆಪ್ಪೆಗೆ ಅಡ್ಡಲಾಗಿ ಒಂದು ಗೆರೆ ಕಲ್ಪಿಸಿಕೊಳ್ಳಿ. ಮೂಗಿನ ತುದಿಯ ಚರ್ಮದ ಮೇಲಂಚು ಆ ಗೆರೆ ದಾಟಿ ಮೇಲೆ ಹೋಗಿರಬಾರದು. ಬ್ರಿಟನ್ನಿನಲ್ಲಿ ಬೆಕ್ಕಿನ ಜಾತಿಗಳನ್ನು ನೋಂದಾಯಿಸುವ ಜಿಸಿಸಿಎಫ್ ಸಂಸ್ಥೆ ಪರ್ಷಿಯನ್ ಬೆಕ್ಕಿಗೆ ಇಟ್ಟಿರುವ ಮಿತಿ ಇದು. ನನ್ನ ಮಟ್ಟಿಗೆ ಅದಕ್ಕಿಂತ ಸ್ವಲ್ಪ ಕೆಳಗಿದ್ದರೆ ಇನ್ನೂ ಒಳ್ಳೆಯದು. ತಾಯಿಯನ್ನು ತೋರಿಸಲು ಕೇಳಿ, ಸಾಧ್ಯವಾದರೆ ತಂದೆಯನ್ನೂ. ಮರಿಯ ಕಣ್ಣಿನಲ್ಲಿ ಇನ್ನೂ ನೀರಿಳಿಯದಿದ್ದರೂ ತಾಯಿಯ ಕೆನ್ನೆ ಮೇಲೆ ಕಂದು ಗೆರೆ ಕಾಣಬಹುದು. ಪರ್ಷಿಯನ್‌ಗಳಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ ಕಾಯಿಲೆ ವಂಶದಿಂದ ಬರುತ್ತದೆ. ಅದಕ್ಕೆ ಜೀನ್ ಪರೀಕ್ಷೆ ಇದೆ, ತಂದೆತಾಯಿಗೆ ಮಾಡಿಸಿದ್ದರೆ ಕಾಗದ ನೋಡಿ.

ಕೊನೆಗೆ, ಮರಿ ಮಲಗುವವರೆಗೆ ಅಲ್ಲೇ ಕೂತಿರಿ. ನಾನು ಮುತ್ತುವನ್ನು ತಂದಾಗ ಅದು ಹತ್ತು ನಿಮಿಷ ಆಟ ಆಡಿತ್ತು, ನೋಡಿ ದುಡ್ಡು ಕೊಟ್ಟುಬಿಟ್ಟೆ. ಚಿನ್ನಿಯ ಮನೆಯಲ್ಲಿ ಮುಕ್ಕಾಲು ಗಂಟೆ ಕೂತೆ. ಅದು ಬುಟ್ಟಿಯಲ್ಲಿ ಮಲಗಿದ ಮೇಲೆ ಕಿವಿ ಹತ್ತಿರ ತಂದು ಕೇಳಿದೆ. ಏನೂ ಕೇಳಿಸಲಿಲ್ಲ.